ಶಾಮಿಯಾನ ಚಹಾದ ಕೈ

ಪುಲಿಕೇಶಿನಗರದ ಹಳೇ ಬಂಗಲೆಯೊಂದರ ಮಹಡಿಯಲ್ಲಿ ಶಾಮಿಯಾನ ಚಹಾ ಕಂಪನಿಯ ಆಫೀಸು. ಅಲ್ಲಿನ ಜಾಹೀರಾತಿನ ಹೊಣೆಯೆಲ್ಲ ಸುರಯ್ಯಾಳದು. ಶಿವಾಜಿನಗರದ ಗಲ್ಲಿಯಲ್ಲಿ ಬೋರ್ಡು ಬರೆಯುತ್ತಿದ್ದ ಸನಾವುಲ್ಲಾನ ಮಗಳು ಏಸಿ ರೂಮಿನಲ್ಲಿ ಕೂತು ಸಿನಿಮಾ ಹೀರೋಗಳನ್ನು ಗೊತ್ತುಮಾಡುತ್ತಾಳೆಂದರೆ ನೆಂಟರಿಗೆ ಹೆಮ್ಮೆ. ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತೆನ್ನಿ, ಸುಳ್ಳೇಕೆ ಹೇಳಲಿ.

ಆ ವರ್ಷ ಹೀರೋ ಶೌರ್ಯಕುಮಾರನನ್ನು ತಂದವಳೂ ಅವಳೇ. ಜಾಹೀರಾತಿನಲ್ಲಿ ಅವನು ಬೀದಿಬದಿಯ ಮುದುಕಿಯೊಬ್ಬಳಿಂದ ಚಹಾ ಇಸಿದುಕೊಂಡು ಹಣೆಗೆ ಕೈಯೆತ್ತಿ, ‘ಚಹಾ ಕೊಡುವ ಕೈಗೆ ಒಂದು ಸಲಾಂ’ ಎನ್ನುತ್ತಿದ್ದ. ಟೀವಿ, ಬಸ್ಸಿನ ಬೆನ್ನು, ಹಲಸೂರಿನ ಹೋರ್ಡಿಂಗು, ಎಲ್ಲ ಕಡೆ ಅವನೇ.

ಅದಕ್ಕೂ ಮೊದಲು ಶಾಮಿಯಾನಕ್ಕೆ ಮುಖವೇ ಇರಲಿಲ್ಲ. ಇದ್ದದ್ದು ಒಂದು ಕೈ. ಸನಾವುಲ್ಲಾ ತಗಡಿನ ಮೇಲೆ ಬಣ್ಣದಲ್ಲಿ ಬರೆದ, ಹಸಿರು ಗಾಜಿನ ಬಳೆ ತೊಟ್ಟು ಲೋಟ ಮುಂದೆ ಚಾಚಿದ ಹೆಂಗಸಿನ ಕೈ. ಅದು ಅವನ ಹೆಂಡತಿಯದೇ. ಅವಳು ಬೆಳಗಾದರೆ ಕೆಟಲು ಹಿಡಿದು ರಸೆಲ್ ಮಾರುಕಟ್ಟೆಯ ಅಂಗಡಿಗಳಿಗೆಲ್ಲ ಚಹಾ ಕೊಟ್ಟು ಬರುತ್ತಿದ್ದಳು. ಸಂಜೆ ಗಂಡನ ಮುಂದೆ ಖಾಲಿ ಲೋಟ ಹಿಡಿದು ಕೂರಬೇಕು. ‘ಕೈ ನೋಯ್ತದೆ’ ಎಂದು ಗೊಣಗಿದರೆ ‘ಅಲ್ಲಾಡಬೇಡ’ ಎಂದು ಇವನು ರೇಗುತ್ತಿದ್ದ. ಪುಟ್ಟ ಸುರಯ್ಯಾ ಟರ್ಪೆಂಟೈನಿನ ವಾಸನೆಯಲ್ಲೇ ನಿದ್ದೆ ಹೋಗುತ್ತಿದ್ದಳು. ಆ ಅಮ್ಮಿ ಈಗಿಲ್ಲ. ಆ ಬೋರ್ಡುಗಳನ್ನು ಹಳೆಯ ಕಾಲದ್ದೆಂದು ಗೋಡೌನಿಗೆ ಹಾಕಿಸಿದವಳು ಸುರಯ್ಯಾಳೇ. ಹಾಕಿಸಿದ ದಿನ ಅವಳಿಗೇನೂ ಅನಿಸಿರಲಿಲ್ಲ.

ಒಂದು ಬೆಳಿಗ್ಗೆ ಊರಿನ ಫೋನುಗಳಲ್ಲೆಲ್ಲ ಒಂದೇ ವಿಡಿಯೋ. ಕೆ.ಆರ್. ಪುರದ ಹತ್ತಿರ ಶೂಟಿಂಗು. ಚಹಾ ತಂದ ಹೆಂಗಸಿನ ಕಾಲಬುಡಕ್ಕೆ ಶೌರ್ಯಕುಮಾರ ಲೋಟ ಬೀಸಿ ಎಸೆಯುತ್ತಾನೆ. ಕೆಳಗೆ ಜನ ಬರೆದದ್ದು ಒಂದೇ ಸಾಲು: ‘ಇದೇನಾ ನಿಮ್ಮ ಸಲಾಂ?’

ಸುರಯ್ಯಾ ಕೈಕಟ್ಟಿ ಕೂರಲಿಲ್ಲ. ಮೊದಲು ದುಡ್ಡು ಕೊಟ್ಟು ಓಡಿಸುತ್ತಿದ್ದ ಆನ್‌ಲೈನ್ ಜಾಹೀರಾತು ನಿಲ್ಲಿಸಿದಳು. ಮುಂದಿನ ದಿನಗಳಿಗೆಂದು ಹೊಂದಿಸಿಟ್ಟಿದ್ದ ಪೋಸ್ಟುಗಳನ್ನು ತೆಗೆಸಿದಳು. ಹೀರೋ ಇಲ್ಲದ, ಬರೀ ಪೊಟ್ಟಣ ತೋರಿಸುವ ತುಣುಕನ್ನು ಟೀವಿಯವರಿಗೆ ಕಳಿಸಿದಳು. ಪತ್ರಿಕೆಯವರು ಕೇಳಿದರೆ ತಾನೊಬ್ಬಳೇ ಮಾತಾಡುವುದು ಎಂದು ಎಲ್ಲರಿಗೂ ಹೇಳಿದಳು. ‘ವಿಡಿಯೋ ನೋಡಿದ್ದೇವೆ, ನಿಜಾಂಶ ತಿಳಿದುಕೊಳ್ಳುತ್ತಿದ್ದೇವೆ’ ಎಂಬ ಎರಡೇ ಮಾತಿನ ಉತ್ತರ ಸಿದ್ಧವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು; ಆ ಬುದ್ಧಿ ಅವಳಿಗಿತ್ತು.

ಮರೆತದ್ದು ಒಂದೇ. ಬೈಯಲೆಂದು ಕಂಪನಿಗೆ ಫೋನು ಮಾಡಿದವರಿಗೆಲ್ಲ ಮೊದಲು ಕೇಳುತ್ತಿದ್ದುದು ರೆಕಾರ್ಡ್ ಮಾಡಿಟ್ಟಿದ್ದ ಶೌರ್ಯಕುಮಾರನ ಜೇನಿನಂಥ ದನಿ: ‘ನಮಸ್ಕಾರ, ನಿಮ್ಮ ಕೈಗೆ ನನ್ನ ಸಲಾಂ.’ ಹೊಸ ತಿಪ್ಪಸಂದ್ರದ ಡೀಲರ್ ಚಲುವಯ್ಯ ಅದನ್ನು ಕೇಳಿಯೇ ಸುರಯ್ಯಾಳಿಗೆ ಫೋನು ಮಾಡಿದ. “ಮೇಡಂ, ಉರಿಯೋ ಗಾಯಕ್ಕೆ ಉಪ್ಪು ಸವರ್ತಿದೀರಲ್ಲ” ಎಂದ. ಆ ದನಿಯನ್ನು ತೆಗೆಸುವಷ್ಟರಲ್ಲಿ ಅದೂ ಊರೆಲ್ಲ ಹರಡಿಯಾಗಿತ್ತು.

ಮಧ್ಯಾಹ್ನ ಹೀರೋನ ಮ್ಯಾನೇಜರ್ ಆದಿನಾರಾಯಣ ಬಂದ. ಕಂಪನಿಯ ಯಜಮಾನ ಜೀಶಾನ್ ಎದುರಿಗೆ ಕೂತಿದ್ದ. ಅಜ್ಜ ಕಟ್ಟಿದ ವ್ಯಾಪಾರವನ್ನು ಈಗಷ್ಟೇ ವಹಿಸಿಕೊಂಡಿದ್ದ ಹುಡುಗ.

“ಸಿಂಪಲ್ ಸರ್,” ಎಂದ ಆದಿನಾರಾಯಣ. “ಆ ಹೆಂಗಸನ್ನ ಕರೆಸಿ. ನಮ್ಮ ಹೀರೋ ಆಕೆ ಕೈಯಿಂದ ನಿಮ್ಮ ಚಹಾನೇ ಕುಡೀತಾರೆ, ಸಲಾಂ ಹೊಡೀತಾರೆ. ಒಂದ್ ಫೋಟೋ. ಎಲ್ಲಾ ತಣ್ಣಗಾಗ್ಬಿಡುತ್ತೆ.”

ಅವನು ಹೋದಮೇಲೆ ಜೀಶಾನ್ ಮೆಲ್ಲಗೆ ಹೇಳಿದ. “ಆಪಾ, ಕಾಂಟ್ರಾಕ್ಟಲ್ಲಿ ಕಂಪನಿ ಹೆಸರು ಕೆಡಿಸಿದ್ರೆ ಅವನನ್ನ ಬಿಡಬಹುದು ಅಂತ ಇದೆ, ಗೊತ್ತು. ಆದ್ರೆ ಅವನ ಫೋಟೋ ಇರೋ ಪೊಟ್ಟಣಗಳೆಲ್ಲ ಅಂಗಡಿ ಸೇರಿವೆ. ನೀವೇ ಹೋಗಿ ಆಕೇನ ಒಪ್ಪಿಸಿ. ನೀವು ಕೇಳಿದ್ರೆ ಇಲ್ಲ ಅನ್ನಲ್ಲ.”

ಹೀರೋನನ್ನು ಆರಿಸಿದವಳು ತಾನು. ಈ ಫೋಟೋ ಆದರೆ ತನ್ನ ಮಾನ ಉಳಿಯಿತು, ಇಲ್ಲದಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಸುರಯ್ಯಾ ಆದಿನಾರಾಯಣನಿಂದ ವಿಳಾಸ ಪಡೆದು, ಕೇಳಿಬಿಡುವುದೆಂದೇ ಹೊರಟಳು.

ಕೆ.ಆರ್. ಪುರದ ವಠಾರದಲ್ಲಿ ಒಂದು ಬಾಡಿಗೆ ಕೋಣೆ. ವಿಡಿಯೋದಲ್ಲಿದ್ದ ಆ ಹೆಂಗಸು, ಯಾದಗಿರಿ ಕಡೆಯಿಂದ ಬಂದ ಸುಭದ್ರಮ್ಮ, ಗಂಡ ಪೀರಪ್ಪನೊಂದಿಗೆ ಅಲ್ಲಿದ್ದಳು. ಸುರಯ್ಯಾ ಯಾವ ಕಂಪನಿಯವಳೆಂದು ಹೇಳಿದ್ದೇ ಪೀರಪ್ಪ ಎದ್ದು ಹೊರಗೆ ಹೋದ. ಸುಭದ್ರಮ್ಮ ಮಾತ್ರ ಚಾಪೆ ಹಾಸಿದಳು.

“ಕುಂದರ್ರಿ ಅಕ್ಕಾರ. ಚಾ ಕುಡ್ದು ಮಾತಾಡ್ರಿ.”

“ವಿಡಿಯೋದಲ್ಲಿ ಇರೋದು ನಿಜಾನೇನಮ್ಮ?”

“ಹೌದ್ರಿ. ಚಾ ಆರಿತ್ತು, ಒಗದ. ಸುಡಲಿಲ್ರಿ. ಎಲ್ಲಾರೂ ನಕ್ಕರು ನೋಡ್ರಿ, ಅದು ಸುಟ್ಟಂಗ ಆತು.”

ಸುಭದ್ರಮ್ಮ ಬಗ್ಗಿ ಲೋಟ ಚಾಚಿದಳು. ಬಳೆಗಳು ಮುಂಗೈಗೆ ಜಾರಿದವು. ಹಸಿರು ಗಾಜಿನ ಬಳೆ. ಸುರಯ್ಯಾ ಎರಡೂ ಕೈಯಿಂದ ಲೋಟ ಇಸಿದುಕೊಂಡಳು. ಅಮ್ಮಿ ಹೀಗೆಯೇ ಬಗ್ಗುತ್ತಿದ್ದಳು.

“ನೀವು ಏನೋ ಕೇಳಾಕ ಬಂದೀರಿ,” ಎಂದಳು ಸುಭದ್ರಮ್ಮ. “ಕೇಳ್ರಿ. ಎಲ್ಲಿಗಿ ಬಾ ಅಂದ್ರ ಬರ್ತೀನಿ, ಯಾರ ಜೋಡಿ ನಿಲ್ಲು ಅಂದ್ರ ನಿಲ್ತೀನಿ. ಇಲ್ಲಂದ್ರ ಶೂಟಿಂಗಿನವ್ರು ಮತ್ತ ಕೆಲಸಕ್ಕ ಕರಿಯಂಗಿಲ್ರಿ.”

ಒಪ್ಪಿಸುವ ಕಷ್ಟವೂ ಇರಲಿಲ್ಲ ನೋಡಿ. ಬಾಯಿ ತೆರೆದರೆ ಸಾಕಿತ್ತು. ಸುರಯ್ಯಾ ಚಹಾ ಕುಡಿದಳು, ಲೋಟ ತಾನೇ ತೊಳೆದಿಟ್ಟಳು.

“ಏನೂ ಕೇಳಕ್ಕೆ ಬಂದಿಲ್ಲಮ್ಮ. ನಿಮ್ಮ ಹೆಸರು ನಾವೆಲ್ಲೂ ಹೇಳಲ್ಲ. ಚಹಾ ಚೆನ್ನಾಗಿತ್ತು.”

ಆಫೀಸಿಗೆ ಬಂದು ಜೀಶಾನ್ ಎದುರು ಕೂತಳು. “ಕೇಳಲಿಲ್ಲ,” ಎಂದಳು. “ಹೆದರಿಕೊಂಡೋಳ ಕೈಲಿ ಲೋಟ ಹಿಡಿಸಿ ಫೋಟೋ ತೆಗೆಯೋದು ಅವನು ಎಸೆದಿದ್ದಕ್ಕಿಂತ ಕೆಟ್ಟದು. ಹೀರೋನ್ನ ತಂದಿದ್ದು ನಾನು. ತಪ್ಪು ನನ್ನದು ಅಂತ ಬರ್ಕೊಡ್ತೀನಿ, ಬೇಕಿದ್ರೆ ನನ್ನನ್ನ ಕೆಲಸದಿಂದ ಕಳಿಸಿಬಿಡಿ.”

ಜೀಶಾನ್ ಎದ್ದು ಗೋಡೆಯ ಮೇಲಿದ್ದ ಅಜ್ಜನ ಪಟದ ಮುಂದೆ ನಿಂತ. “ನಮ್ಮ ದಾದಾ ನಿಮ್ಮ ಅಮ್ಮಿ ಚಹಾ ಕುಡ್ಕೊಂಡೇ ಅಂಗಡಿ ತೆಗೀತಿದ್ರಂತೆ,” ಎಂದ. “ಆಯ್ತು ಆಪಾ. ವಕೀಲರಿಗೆ ಫೋನ್ ಮಾಡಿ.”

ಅಂದೇ ಪ್ರಕಟಣೆ ಹೋಯಿತು. ನಡೆದದ್ದು ನಿಜವೆಂದು ತಿಳಿದುಕೊಂಡಿದ್ದೇವೆ, ಶೌರ್ಯಕುಮಾರ ಅವರಿರುವ ಜಾಹೀರಾತುಗಳನ್ನು ನಿಲ್ಲಿಸಿದ್ದೇವೆ, ಆ ಮಹಿಳೆಯನ್ನು ದಯವಿಟ್ಟು ಹುಡುಕಿಕೊಂಡು ಹೋಗಬೇಡಿ. ಇಷ್ಟೇ. ಹೀರೋಗೆ ಕರಾರಿನಂತೆ ನೋಟಿಸು ಹೋಯಿತು. ಅವನು ಆಮೇಲೆ ಕಣ್ಣೊರೆಸಿಕೊಂಡು ಕ್ಷಮೆ ಕೇಳಿದ ವಿಡಿಯೋವೂ ಬಂತು. ನಟ ತಾನೇ, ಚೆನ್ನಾಗಿಯೇ ಅತ್ತ. ಕರಾರು ಮಾತ್ರ ಮುರಿಯಿತು. ಆ ತಿಂಗಳ ವ್ಯಾಪಾರ ಬಿತ್ತು, ಪೊಟ್ಟಣಗಳನ್ನು ನೋಡಿ ಜನ ನಕ್ಕರು. ಅದನ್ನು ನುಂಗಿಕೊಳ್ಳಬೇಕಾಯಿತು.

ಖಾಲಿಯಾದ ಹೋರ್ಡಿಂಗಿಗೆ ಏನು ಹಾಕುವುದು? ಸುರಯ್ಯಾ ಗೋಡೌನಿನಿಂದ ತಗಡಿನ ಬೋರ್ಡೊಂದನ್ನು ತೆಗೆಸಿ ದೊಮ್ಮಲೂರಿನ ಏಜೆನ್ಸಿಗೆ ಕಳಿಸಿದಳು. ಅಲ್ಲಿನ ಡಿಸೈನರ್ ಜಯಮಾಲಾ ಅದರ ಫೋಟೋ ತೆಗೆದು, ತಿದ್ದಿ, ಕಂಪ್ಯೂಟರಿನಲ್ಲಿ ತೋರಿಸಿದಳು. ಅದೇ ಬಳೆ, ಅದೇ ಲೋಟ. ಕೆಳಗೆ ಸುರಯ್ಯಾ ಉಳಿಸಿಕೊಂಡ ಅದೇ ಸಾಲು, ‘ಚಹಾ ಕೊಡುವ ಕೈಗೆ ಒಂದು ಸಲಾಂ’. ಆದರೆ ಏನೋ ಇಲ್ಲ.

“ಹೆಬ್ಬೆರಳ ಬುಡದಲ್ಲಿ ಕಂದು ಗುರುತು ಇತ್ತಲ್ಲ?”

“ತುಕ್ಕು ಮೇಡಂ. ಹಳೇ ತಗಡಲ್ವಾ, ಕ್ಲೀನ್ ಮಾಡ್ಬಿಟ್ಟೆ.”

“ತುಕ್ಕಲ್ಲಮ್ಮ. ಕೆಟಲು ಸುಟ್ಟ ಕಲೆ. ನಮ್ಮಪ್ಪ ಇದ್ದಿದ್ದನ್ನ ಇದ್ದಂಗೇ ಬರೆದಿದ್ದಾರೆ. ವಾಪಸ್ ಹಾಕು.”

ಹೋರ್ಡಿಂಗು ಏರಿದ ದಿನ ಸುರಯ್ಯಾ ಅಬ್ಬಾ ಸನಾವುಲ್ಲಾನನ್ನು ಆಟೋದಲ್ಲಿ ಹಲಸೂರಿಗೆ ಕರೆತಂದಳು. ಮುದುಕನಿಗೆ ಈಗ ಕಣ್ಣು ಮಂಜು, ಅಕ್ಷರ ಕಾಣುವುದಿಲ್ಲ, ಬಣ್ಣಗಳಷ್ಟೇ ತಿಳಿಯುತ್ತವೆ. ರಸ್ತೆಯಂಚಿಗೆ ನಿಂತು ಕತ್ತೆತ್ತಿ ನೋಡಿದ.

“ಹಸಿರು ಜಾಸ್ತಿಯಾಗಿದೆ,” ಎಂದು ಮೊದಲು ಗೊಣಗಿದ. ಆಮೇಲೆ ಅವನ ನೋಟ ಆ ಕಂದು ಕಲೆಯ ಮೇಲೆ ನಿಂತಿತು. ಸುರಯ್ಯಾಳ ಭುಜದ ಆಸರೆ ಬಿಟ್ಟು, ಬಲಗೈಯನ್ನು ಹಣೆಗೆ ಎತ್ತಿದ. ಅಲ್ಲಿ ಏನು ಬರೆದಿದೆಯೆಂದು ಅವನಿಗೆ ಯಾರೂ ಓದಿ ಹೇಳಿರಲಿಲ್ಲ.