ಮುಳ್ಳು ನೂರು ತೋರಿಸಿತ್ತು

ಆ ಭಾನುವಾರ ಮಧ್ಯಾಹ್ನ ಔರಾದಿನಿಂದ ನನ್ನ ಭಾಮೈದ ಬಂದು ನನ್ನ ಹೊಸ ಸೈಕಲ್ ಒಯ್ಯುವವನಿದ್ದ. ಅದು ನನ್ನ ಹೆಂಡತಿಯ ತೀರ್ಮಾನ. ಹಿಂದಿನ ಭಾನುವಾರ ಅಷ್ಟೂರಿನ ದಾರಿಯಲ್ಲಿ ಹಿಂದಿನ ಚಕ್ರ ಗುಂಡಿಯ ಅಂಚಿಗೆ ಬಡಿದು, ಟ್ಯೂಬಿಗೆ ಅಕ್ಕಪಕ್ಕ ಎರಡು ತೂತು ಬಿದ್ದಿದ್ದವು. ಐವತ್ತು ದಾಟಿದ ನಾನು ಸೈಕಲನ್ನು ಆಟೊದಲ್ಲಿ ಹೇರಿಕೊಂಡು ಚಿದ್ರಿಯ ಮನೆಗೆ ಮರಳಿದ್ದೆ. ಆಮೇಲೆ ಹೊಸ ಟ್ಯೂಬ್ ಹಾಕಿಸಿದ್ದೆ, ಹವಾ ಮಾತ್ರ ಅರೆಬರೆ ಇತ್ತು.

ಆ ದಿನ ಬೆಳಗಿನ ಐದೂವರೆಗೆ ಎದುರು ಮನೆಯವರು ತಮ್ಮ ಪಂಪ್ ಹಿಡಿದು ಬಂದರು. ಭಾಲ್ಕಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಭಾನುವಾರ ಐದಾರು ಜನರನ್ನು ಅಷ್ಟೂರಿಗೆ ಸೈಕಲ್ ಮೇಲೆ ಕರೆದೊಯ್ಯುತ್ತಾರೆ.

"ಹೋದ ವಾರ ಹವಾ ಎಷ್ಟ್ ಹೊಡದಿದ್ರಿ, ಅಣ್ಣಾರ?"

"ನೂರು ರೀ. ಎರಡೇ ಸಲ ಒತ್ತಿದ್ದೆ, ಪಂಪಿನ ಮೀಟರ್ ಮುಳ್ಳು ನೂರಕ್ಕ ಹೋತು."

"ಎರಡ ಸಲಕ್ಕ ನೂರು! ಪೇಪರಿನ್ಯಾಗ ಇದ್ದವರು ನೀವು, ಸಂಶಯ ಬರಲಿಲ್ಲೇನ್ರಿ? ಹ್ಯಾಂಗ ಹೊಡದ್ರಿ, ಮಾಡಿ ತೋರಸ್ರಿ."

ವಾಲ್ವಿನ ಟೋಪಿ ತೆಗೆದೆ, ಪಂಪಿನ ತಲೆ ಸಿಕ್ಕಿಸಿದೆ, ಲಿವರ್ ಎತ್ತಿದೆ, ಒತ್ತಿದೆ. ಹಿಡಿಕೆ ಬಿಗಿಯಾಯಿತು. ಮುಳ್ಳು ನೂರರ ಹತ್ತಿರ ನಿಂತಿತು.

"ಈಗ ಟೈರ್ ಹಿಚಕ್ರಿ."

ಹೆಬ್ಬೆರಳು ಒಳಗೆ ಹೋಯಿತು.

"ಮುಳ್ಳು ಹೇಳಿದ್ದು ಪೈಪಿನ್ಯಾಗಿನ ಹವಾ. ಟೈರಿಗಿ ನೀವು ಕೇಳೇ ಇಲ್ಲ. ಅದಕ್ಕ ಗುಂಡಿಗಿ ಬಡದಾಗ ಮೆತ್ತಗಿನ ಟ್ಯೂಬು ರಿಮ್ಮಿಗಿ ಸಿಕ್ಕು ತೂತು ಬಿತ್ತು."

ಪಂಪಿನ ತಲೆ ಬಿಡಿಸಿ, ವಾಲ್ವಿನ ತುದಿಯಲ್ಲಿದ್ದ ಪುಟ್ಟ ನಟ್ ತೋರಿಸಿದರು. ಅದು ಬಿಗಿಯಾಗಿಯೇ ಇತ್ತು, ಹವಾ ಒಳಗೆ ಹೋಗುವ ದಾರಿ ಮುಚ್ಚಿತ್ತು. ಎಷ್ಟೋ ವರ್ಷ ವರದಿಗಾರರ ಅಂಕಿಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತ ಬಂದವನು ನಾನು.

ನಟ್ ಸಡಿಲಿಸಿ ತುದಿಯನ್ನು ಒಮ್ಮೆ ಒತ್ತಿದೆ, ಚುಸ್ ಎಂದಿತು. ಟೈರಿನ ಪಕ್ಕದಲ್ಲಿ ಐವತ್ತರಿಂದ ಎಪ್ಪತ್ತೈದು ಪಿಎಸ್ಐ ಎಂದು ಹವಾದ ಒತ್ತಡದ ಮಿತಿ ಅಚ್ಚಾಗಿತ್ತು. "ನಿಮಗ ಅರವತ್ತೈದು ಸಾಕು. ಮೀಟರಿನ್ಯಾಗ ಹೊರಗಿನ ಸಾಲು ಪಿಎಸ್ಐ, ಒಳಗಿನದು ಬಾರ್. ಒಳಗಿಂದು ನೋಡಬ್ಯಾಡ್ರಿ."

ಪಂಪಿನ ತಲೆ ಮತ್ತೆ ಸಿಕ್ಕಿಸಿದೆ. ಒತ್ತಿದಾಗಲೆಲ್ಲ ಮುಳ್ಳು ಮೇಲೆ ಜಿಗಿದು ಕೆಳಗೆ ಇಳಿಯುತ್ತಿತ್ತು. ಜಿಗಿದಲ್ಲಿ ಓದಲು ಹೋದೆ.

"ತಡೀರಿ. ನಿಂತ ಮ್ಯಾಲ ಓದ್ರಿ."

ಮೂವತ್ತು ಸಲ ಒತ್ತಿದ ಮೇಲೆ ಎಣಿಕೆ ತಪ್ಪಿತು. ಮುಳ್ಳು ಅರವತ್ತೈದರಲ್ಲಿ ನಿಂತಿತು. ಪಂಪಿನ ತಲೆ ಬಿಡಿಸುವಾಗ ಮತ್ತೆ ಚುಸ್ ಎಂದಾಗ ಬೆರಳಿನಿಂದ ವಾಲ್ವ್ ಮುಚ್ಚಿದೆ.

"ಅದು ಪೈಪಿಂದು," ಎಂದು ನಕ್ಕರು. "ನಟ್ ಮರೀಬ್ಯಾಡ್ರಿ." ನಟ್ ಬಿಗಿದು ಟೈರ್ ಹಿಚುಕಿದೆ. ಗಟ್ಟಿ. ಮುಂದಿನ ಚಕ್ರಕ್ಕೆ ಅವರು ಕೈ ಹಚ್ಚಲಿಲ್ಲ, ನಾನೇ ಹೊಡೆದೆ.

ಅಷ್ಟೂರಿನ ದಾರಿ ಹಿಡಿದೆವು. ಅದೇ ಗುಂಡಿ ಅಲ್ಲೇ ಇತ್ತು. ಎದುರಿನಿಂದ ಟ್ರ್ಯಾಕ್ಟರ್ ಬಂದದ್ದರಿಂದ ತಪ್ಪಿಸಲಾಗಲಿಲ್ಲ. ಹಿಂದಿನ ಚಕ್ರ ಅಂಚಿಗೆ ಬಡಿಯಿತು. ಇಳಿದು ಹಿಚುಕಿದೆ. ಗಟ್ಟಿಯಾಗಿಯೇ ಇತ್ತು.

ಅಷ್ಟೂರಿನ ಗುಂಬಜುಗಳ ಎದುರು ನಿಂತು ಭಾಮೈದನಿಗೆ ಫೋನ್ ಮಾಡಿದೆ.

"ಸೈಕಲ್ ಒಯ್ಯಾಕ ಗಾಡಿ ತರಬ್ಯಾಡಪಾ."

"ಯಾಕ ಮಾಮಾ, ಈ ಸಲ ಆಟೊದಾಗ ಬರೂದಿಲ್ಲೇನು?"

"ಇಲ್ಲ. ಊಟಕ್ಕ ಬಾ. ನಿಮ್ಮಕ್ಕಗ ನೀನೇ ಹೇಳು, ಸೈಕಲ್ ಮನ್ಯಾಗೇ ಇರ್ತದ."