ನಲವತ್ತೆರಡು ಸುಳ್ಳು ಟಿಕ್ಕುಗಳು

ಕತಾರಿನ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸ್‌ನಲ್ಲಿ ನನ್ನಷ್ಟು ನೀಟಾಗಿ ಟಿಕ್ ಹಾಕುವವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ನನ್ನ ಹುದ್ದೆ. ಪ್ಲಾಂಟಿನಲ್ಲಿ ನಾನು ಸೇಫ್ಟಿ ಆಫೀಸರ್. ಏಣಿ, ಎತ್ತರದಲ್ಲಿ ಕೆಲಸ ಮಾಡುವವರು ಕಟ್ಟಿಕೊಳ್ಳುವ ಬೆಲ್ಟು, ಗ್ಯಾಸ್ ಮೀಟರು, ಬೆಂಕಿ ಆರಿಸುವ ಸಿಲಿಂಡರು, ಎಲ್ಲವನ್ನೂ ದಿನವೂ ನೋಡಿ ಟಿಕ್ ಹಾಕಬೇಕೆಂದು ನಿಯಮ. ನಾನು ದಿನವೂ ನೋಡುತ್ತಿದ್ದೆ ಎಂದರೆ ನನ್ನ ಹೆಂಡತಿಯೂ ನಂಬುವುದಿಲ್ಲ. ಗುರುವಾರ ಮಧ್ಯಾಹ್ನ, ವಾರದ ರಜೆಗೆ ಮುಂಚೆ, ಚಹಾ ತರಿಸಿಕೊಂಡು ಇಡೀ ವಾರದ ಟಿಕ್ಕನ್ನು ಒಟ್ಟಿಗೆ ಹಾಕುವುದು ನಮ್ಮ ಆಫೀಸಿನ ಸಂಪ್ರದಾಯ. ಅನುಮಾನ ಬಾರದಿರಲೆಂದು ಭಾನುವಾರಕ್ಕೆ ನೀಲಿ ಪೆನ್ನು, ಸೋಮವಾರಕ್ಕೆ ಕಪ್ಪು. ಈ ಕಲೆಯನ್ನು ಎಷ್ಟೋ ಜನರಿಗೆ ನಾನೇ ಕಲಿಸಿದ್ದೇನೆ. ಸೈಟಿನವರು ಹಾಗೆ ಮಾಡಿ ಸಿಕ್ಕಿಬಿದ್ದರೆ ಮಾತ್ರ ಬೈದು ವಾರ್ನಿಂಗ್ ಲೆಟರ್ ಕೊಡುತ್ತಿದ್ದೆ.

ಐವತ್ತೆಂಟನೇ ವಯಸ್ಸಿನಲ್ಲಿ, ಬಿಪಿ, ಶುಗರ್ ಎರಡೂ ಜೊತೆಗಿರುವಾಗ, ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದ ಹಾಗಾಯಿತು. ಏಣಿಯ ನಾಲ್ಕು ಮೆಟ್ಟಿಲಿಗೇ ಏದುಸಿರು. ದೋಹಾದ ಹೃದ್ರೋಗ ವಿಭಾಗದಲ್ಲಿ ಈಜಿಪ್ಟಿನ ಡಾಕ್ಟರು ಇಸಿಜಿ ನೋಡಿ ಹೇಳಿದರು, ಹೃದಯದ ಮೇಲಿನ ಕೋಣೆಗಳು ಬಡಿಯುವುದು ಬಿಟ್ಟು ಬರೀ ನಡುಗುತ್ತಿವೆ, ತಾಳ ತಪ್ಪಿದೆ ಎಂದು. ನಿದ್ದೆಯ ಮದ್ದು ಕೊಟ್ಟು, ಎದೆಗೆ ಕರೆಂಟಿನ ಒಂದು ಶಾಕ್ ಕೊಟ್ಟರೆ ತಾಳ ಮರಳುವ ಸಾಧ್ಯತೆ ಇದೆಯಂತೆ. ಆದರೆ ಅದಕ್ಕೆ ಮೊದಲು ಮೂರು ವಾರ ರಕ್ತ ತೆಳುವಾಗಿಸುವ ಮಾತ್ರೆ, ದಿನಕ್ಕೆರಡು, ಒಂದೂ ತಪ್ಪಬಾರದು.

ನರ್ಸು ಬಂಟ್ವಾಳದ ಕಡೆಯವಳು. ನನ್ನ ಕೈಗೆ ಒಂದು ಚಾರ್ಟು ಕೊಟ್ಟಳು. ಇಪ್ಪತ್ತೊಂದು ದಿನ, ನಲವತ್ತೆರಡು ಚೌಕ.

"ಮಾತ್ರೆ ತಗೊಂಡ ಮೇಲೆ ಟಿಕ್ ಹಾಕಿ ಅಂಕಲ್. ಮರೆಯಬೇಡಿ ಆಯ್ತಾ?"

ನನಗೆ ನಗು ಬಂತು. ಟಿಕ್ ಹಾಕುವುದನ್ನು ನನಗೆ ಹೇಳಿಕೊಡುವುದೇ!

ಕಂಪನಿ ಬಸ್ಸು ಬರುವುದು ಬೆಳಗ್ಗೆ ನಾಲ್ಕೂವರೆಗೆ. ಖಾಲಿ ಹೊಟ್ಟೆಗೆ ಮಾತ್ರೆ ಯಾಕೆ, ಸೈಟಿನಲ್ಲಿ ತಿಂಡಿಯ ಜೊತೆ ನುಂಗಿದರಾಯಿತು ಎಂದುಕೊಂಡೆ. ಹಾಗೆಂದು ಯಾರೂ ಹೇಳಿರಲಿಲ್ಲ, ನನ್ನದೇ ವೈದ್ಯಶಾಸ್ತ್ರ. ಸೈಟಿನಲ್ಲಿ ಎಷ್ಟೋ ದಿನ ನೆನಪಾಗುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಉಳ್ಳಾಲದ ಸ್ಟೋರ್‌ಕೀಪರ್. ಅವರಿಗೂ ಇದೇ ಕಾಯಿಲೆ, ಹತ್ತು ವರ್ಷದಿಂದ.

"ನನಗೆ ಶಾಕ್ ಗೀಕ್ ಎಂತದೂ ಬೇಡ ಅಂದಿದ್ದಾರೆ ಮಾರಾಯ್ರೆ," ಎಂದರು. "ಹಳೇ ಕೇಸು, ಕೋಣೆ ದೊಡ್ಡದಾಗಿದೆ, ನನಗೆ ಸುಸ್ತೂ ಇಲ್ಲ. ತಾಳ ತಪ್ಪಿಯೇ ಇರಲಿ, ವೇಗ ಮಾತ್ರ ಹಿಡಿತದಲ್ಲಿರಲಿ ಅಂತ ಮಾತ್ರೆ ಕೊಟ್ಟಿದ್ದಾರೆ. ರಕ್ತದ ಮಾತ್ರೆ ಮಾತ್ರ ನನಗೂ ಬಿಡ್ಲಿಕ್ಕಿಲ್ಲ."

"ನನ್ನದು ಹೊಸ ಕೇಸು. ಒಂದು ಶಾಕ್, ಮತ್ತೆ ಖಲಾಸ್," ಎಂದೆ, ಬಡ್ತಿ ಸಿಕ್ಕವನ ಹಾಗೆ.

ಶಾಕ್ ಕೊಡುವ ಹಿಂದಿನ ದಿನ ಗುರುವಾರ ಬೇರೆ. ಚಾರ್ಟು ಪೂರ್ತಿ ಖಾಲಿ. ಚಹಾ ತರಿಸಿಕೊಂಡೆ. ನೀಲಿ, ಕಪ್ಪು, ನಡುನಡುವೆ ಹಸಿರು. ಒಂದೆರಡು ಟಿಕ್ಕನ್ನು, ಬಸ್ಸಿನಲ್ಲಿ ಹಾಕಿದಂತೆ ಕಾಣಲೆಂದು, ಸ್ವಲ್ಪ ಸೊಟ್ಟಗೆ ಎಳೆದೆ. ಅಷ್ಟು ಚೆಂದದ ಚಾರ್ಟನ್ನು ನಾನು ಜನ್ಮದಲ್ಲಿ ತುಂಬಿರಲಿಲ್ಲ.

ಮರುದಿನ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದೆ. ನರ್ಸು ಚಾರ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಈ ರಾತ್ರಿಯ ಮಾತ್ರೆ ಈಗಲೇ ತಗೊಂಡ್ರಾ ಅಂಕಲ್?"

ಭರದಲ್ಲಿ ಕೊನೆಯ ಚೌಕಕ್ಕೂ ಟಿಕ್ ಬಿದ್ದಿತ್ತು. ನಾನು ಕೆಮ್ಮಿದೆ. ಅವಳು ನನ್ನ ಹೆಂಡತಿಯ ಕಡೆ ತಿರುಗಿದಳು. "ಆಂಟಿ, ಮಾತ್ರೆಯ ಡಬ್ಬ ತಂದಿದ್ದೀರಾ?" ಹೆಂಡತಿ ಬ್ಯಾಗಿನಿಂದ ತೆಗೆದುಕೊಟ್ಟಳು. ಒಂದೇ ಒಂದು ಮಾತ್ರೆ ಉಳಿದಿರಬೇಕಿತ್ತು, ಹನ್ನೆರಡು ಉಳಿದಿದ್ದವು.

"ಇವ್ರೇ, ಇದೆಂತ?" ಎಂದಳು ಹೆಂಡತಿ. ಆಮೇಲೆ ಮಾತ್ರೆಗಳನ್ನು ತಾನೇ ಇನ್ನೊಮ್ಮೆ ಎಣಿಸಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಬಂದರು. ಅವರು ರೇಗಲಿಲ್ಲ, ಕಾಗದದ ಮೇಲೆ ಹೃದಯದ ಚಿತ್ರ ಬರೆದರು. ಮೇಲಿನ ಎಡ ಕೋಣೆಗೆ ಕಿವಿಯಂಥ ಒಂದು ಪುಟ್ಟ ಚೀಲವಿದೆ. ಕೋಣೆ ಬಡಿಯದೆ ನಡುಗುವಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಶಾಕ್ ಕೊಟ್ಟು ತಾಳ ಮರಳಿದ ಮೇಲೆ ಅಲ್ಲಿದ್ದ ಹೆಪ್ಪು ಹೊರಬಿದ್ದು ಮೆದುಳಿಗೆ ಹೋಗಬಹುದು. "ನಾವು ಹೃದಯ ಸರಿಮಾಡಿ, ನಿಮಗೆ ಪಾರ್ಶ್ವವಾಯು ಕೊಟ್ಟ ಹಾಗಾಗುತ್ತದೆ," ಎಂದರು. ಇನ್ನು ಎರಡೇ ದಾರಿ. ಮೂರು ವಾರ ಮತ್ತೆ ಮೊದಲಿನಿಂದ, ಇಲ್ಲವೇ ಗಂಟಲಿನ ಮೂಲಕ ಸ್ಕ್ಯಾನಿನ ನಳಿಕೆ ಇಳಿಸಿ ಆ ಚೀಲದೊಳಗೆ ಇವತ್ತೇ ನೋಡುವುದು.

ನಾನು ಇವತ್ತೇ ಎಂದೆ. ಏನೂ ಇರುವುದಿಲ್ಲ, ಶಾಕ್ ಕೊಡಿಸಿಕೊಂಡೇ ಹೋಗೋಣ ಎಂಬ ಧೈರ್ಯ. ಮದ್ದು ಕೊಟ್ಟು ಮಲಗಿಸಿ ನಳಿಕೆ ಇಳಿಸಿದರು. ಹೆಪ್ಪು ಇತ್ತು: ಹೆಸರುಬೇಳೆಗಿಂತ ತುಸು ದೊಡ್ಡದು, ಬೂದು ಬಣ್ಣದ್ದು, ಚೀಲದ ಮೂಲೆಯಲ್ಲಿ ಕೂತಿತ್ತು. ಎಚ್ಚರವಾದ ಮೇಲೆ ಡಾಕ್ಟರು ಪರದೆಯ ಮೇಲೆ ತೋರಿಸಿದರು. ನನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಭಯವಾಯಿತು. ಸೇಫ್ಟಿಯ ಬಗ್ಗೆ ಭಾಷಣ ಮಾಡುತ್ತಾ ಇಷ್ಟು ವರ್ಷ ಕಳೆದರೂ ಅಂಥ ಭಯ ನನಗೆ ಆಗಿರಲಿಲ್ಲ. ಟಿಕ್ ಹಾಕಿದ ಕೈ ಅದೇ. ಆ ಹುಡುಗಿ ಚಾರ್ಟನ್ನು ನಂಬಿದ್ದರೆ ಸಂಜೆಯ ಹೊತ್ತಿಗೆ ಆ ಕೈ ಏಳುತ್ತಿತ್ತೋ ಇಲ್ಲವೋ.

ಶಾಕ್ ರದ್ದಾಯಿತು. ವೇಗ ತಗ್ಗಿಸುವ ಮಾತ್ರೆ ಕೊಟ್ಟರು, ಅಂದರೆ ಸ್ಟೋರ್‌ಕೀಪರರ ದಾರಿಯಲ್ಲಿ ನಾನೂ ಕೆಲವು ವಾರ ನಡೆಯಬೇಕು. ಏದುಸಿರು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ರಕ್ತದ ಮಾತ್ರೆಯನ್ನು ಬಸ್ಸು ಹತ್ತುವ ಮೊದಲೇ ಹೆಂಡತಿಯ ಎದುರು ನಿಂತು ನುಂಗಿದೆ. ಅವಳು "ನಾಲಿಗೆ ತೋರಿಸಿ" ಅನ್ನುತ್ತಿದ್ದಳು. ಎರಡು ರಾತ್ರಿ ಮರೆತೆ, ಅವಳೂ ಮರೆತಿದ್ದಳು. ಹೊಸ ಚಾರ್ಟಿನ ಆ ಎರಡು ಚೌಕದ ಮುಂದೆ ಪೆನ್ನು ಹಿಡಿದು ಕೂತೆ. ಕೈ ತಾನೇ ಟಿಕ್ ಕಡೆಗೆ ಹೊರಟಿತು, ಅಭ್ಯಾಸ ನೋಡಿ. ಎಳೆದು ನಿಲ್ಲಿಸಿದೆ.

ಆರು ವಾರದ ನಂತರ ನರ್ಸು ಆ ಖಾಲಿ ಚೌಕಗಳನ್ನು ನೋಡಿ, "ಈ ಚಾರ್ಟ್ ನಂಬಬಹುದು ಅಂಕಲ್," ಎಂದಳು. ಆದರೂ ನಳಿಕೆ ಇಳಿಸಿಯೇ ನೋಡಿದರು. ಚೀಲ ಖಾಲಿಯಾಗಿತ್ತು. ಅದೇ ದಿನ ಮದ್ದು ಕೊಟ್ಟು ಮಲಗಿಸಿ, ಮಿಡಿತಕ್ಕೆ ಸರಿಯಾಗಿ ಹೊಂದಿಸಿ ಒಂದು ಶಾಕ್ ಕೊಟ್ಟರು. ಕಣ್ಣು ಬಿಟ್ಟಾಗ ಎದೆಯ ಚರ್ಮ ಸ್ವಲ್ಪ ಉರಿಯುತ್ತಿತ್ತು, ಪರದೆಯ ಮೇಲೆ ಗೆರೆಗಳು ಶಿಸ್ತಾಗಿ ಓಡುತ್ತಿದ್ದವು.

"ಹಾಗಾದರೆ ಮಾತ್ರೆ ಖಲಾಸ್?" ಎಂದೆ.

"ಮಾಫಿ ಖಲಾಸ್," ಎಂದಳು ನರ್ಸು, ಮುಗಿದಿಲ್ಲ ಎಂಬುದನ್ನು ಇಲ್ಲಿನ ಅರಬ್ಬಿಯಲ್ಲಿ. "ಕರೆಂಟು ಸರಿಯಾದ್ರೂ ಆ ಕೋಣೆ ಜೋಮು ಹಿಡಿದ ಕಾಲಿನ ಹಾಗೆ ಇರ್ತದೆ ಅಂಕಲ್. ಈಗಲೂ ಹೆಪ್ಪುಗಟ್ಟಬಹುದು. ಕಡಿಮೆಯೆಂದರೆ ನಾಲ್ಕು ವಾರ ಯಾರಿಗೂ ಬಿಡ್ಲಿಕ್ಕಿಲ್ಲ. ನಿಮಗೆ ಬಿಪಿ, ಶುಗರ್ ಉಂಟಲ್ಲ, ತಾಳ ಸರಿಯಿದ್ರೂ ಮುಂದೆಯೂ ಬೇಕಾಗ್ತದೆ. ತಾಳ ಮತ್ತೆ ತಪ್ಪಲೂಬಹುದು." ಇನ್ನೊಂದು ಚಾರ್ಟು ಕೊಟ್ಟಳು.

ಕೆಲಸಕ್ಕೆ ಮರಳಿದ ಮೊದಲ ಗುರುವಾರ ಚಹಾ ಬಂತು, ಹಾಳೆಗಳು ಬಂದವು. ಮೂರು ದಿನ ನಾನು ಬೆಲ್ಟುಗಳನ್ನು ನೋಡಿಯೇ ಇರಲಿಲ್ಲ. ಆ ಮೂರು ಚೌಕವನ್ನು ಖಾಲಿ ಬಿಟ್ಟು ಸಹಿ ಮಾಡಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಕರೆದರು. ಹಾಳೆ ಅವರ ಮುಂದಿತ್ತು, ಮುಖದಲ್ಲಿ ನಿಜವಾದ ಕಾಳಜಿಯಿತ್ತು.

"ಏನಿದು? ಶಾಕ್ ಕೊಟ್ಟ ಮೇಲೂ ಹುಷಾರಾಗಿಲ್ಲವಾ?"

"ಹುಷಾರಾಗಿದ್ದೇನೆ ಸರ್," ಎಂದೆ. "ಆ ಮೂರು ದಿನ ನಾನು ನೋಡಿರಲಿಲ್ಲ." ಹೆಲ್ಮೆಟ್ ಹಾಕಿಕೊಂಡು ಬೆಲ್ಟುಗಳನ್ನು ನೋಡಲು ಹೊರಟೆ. ಎರಡನೆಯದರ ಹೊಲಿಗೆ ಬಿಟ್ಟಿತ್ತು.