ಒಳಗೆ ಬಟ್ಟೆ ಬಿಡದ ಹೊಲಿಗೆ

ಹಲಸೂರಿನ ಮಾರುಕಟ್ಟೆ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯಲ್ಲಿ ನನ್ನ ಹೊಲಿಗೆ ಅಂಗಡಿ. ಅಲ್ಲಿಗೆ ಬರುವ ಹೆಂಗಸರು ಅಳತೆ ಕೊಟ್ಟು ಮೆಟ್ಟಿಲಿಳಿಯುವ ಮುಂಚೆ ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ: "ಒಳಗೆ ಸ್ವಲ್ಪ ಬಟ್ಟೆ ಬಿಡಿ." ನಾಳೆ ದಪ್ಪಗಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲು ಅದು. "ಊಟಕ್ಕೆ ಮುಂಚೆನೇ ಹೊಟ್ಟೆಗೆ ಜಾಗ ರಿಸರ್ವ್ ಮಾಡ್ತೀರಲ್ರೀ" ಎಂದು ನಾನು ಕಾಲೆಳೆಯುತ್ತೇನೆ, ಆದರೂ ಬಿಡುತ್ತೇನೆ. ಬಿಡದ ಟೈಲರನ್ನು ನಮ್ಮ ಕಡೆ ಟೈಲರು ಅನ್ನುವುದಿಲ್ಲ.

ಒಂದು ದಿನ ನನ್ನ ಅಕ್ಕ ಪಿಸ್ತಾ ಹಸಿರಿನ ಶಿಫಾನ್ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮೆಷಿನ್ ಪಕ್ಕ ಕೂತಳು. ಹೊಟ್ಟೆಯ ಆಪರೇಷನ್ ಆಗಿ ಕೆಲವು ತಿಂಗಳಾಗಿದ್ದವು. ಆಮೇಲಿನ ಕೀಮೋ ಇಂಜೆಕ್ಷನ್‌ಗಳೂ ಮುಗಿದಿದ್ದವು. ನನಗಿಂತ ಒಂದು ಸುತ್ತು ದಪ್ಪಗಿದ್ದವಳು ಈಗ ನನ್ನ ಅರ್ಧ ಇದ್ದಳು. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಸಂಕಟವಾದಾಗ ನಾನು ಬೈಯುತ್ತೇನೆ. "ಬಿಸಿಲಲ್ಲಿ ಯಾಕೆ ಬಂದೆ, ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ?" ಎಂದು ಬೈದೆ.

"ಇದನ್ನ ಕುರ್ತಾ ಮಾಡ್ಕೊಡು. ಲಂಗದ ಲಾಡಿ ಕಟ್ಟಿದ್ರೆ ಹೊಲಿಗೆ ಹಾಕಿದ ಜಾಗ ನೋಯುತ್ತೆ ಕಣೇ, ಸೀರೆ ಉಡಕ್ಕಾಗಲ್ಲ" ಅಂದಳು.

ಸಿ.ವಿ. ರಾಮನ್ ನಗರದ ಒಂದು ಶಾಲೆಯಲ್ಲಿ ಅವಳು ಟೀಚರು. ಪ್ರತಿವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದು ನಿರೂಪಣೆ ಮಾಡುವವಳು ಅವಳೇ. ಈ ಸಲವೂ ತಾನೇ ಮಾಡುತ್ತೇನೆ ಎಂದು ಹಟ ಹಿಡಿದು ಒಪ್ಪಿಸಿದ್ದಳು. ಕಾಯಿಲೆಯ ನಂತರ ಎಲ್ಲರೂ ಅವಳನ್ನು ಮೊದಲ ಸಲ ನೋಡುವುದು ಆ ವೇದಿಕೆಯ ಮೇಲೆ. ಅಯ್ಯೋ ಪಾಪ ಅನ್ನಿಸಿಕೊಳ್ಳಬಾರದು, ಅಷ್ಟೇ ಅವಳ ಆಸೆ.

ವೇದಿಕೆ ಅಂದ ಕೂಡಲೇ ನನಗೆ ದೀಪಗಳು ನೆನಪಾದವು. ಶಿಫಾನಿನ ಆಚೆ ಇಟ್ಟ ಬೆರಳು ಈಚೆ ಕಾಣುತ್ತದೆ. ಅಂಥ ಬಟ್ಟೆಯಲ್ಲಿ ಮಾಮೂಲಿ ಹೊಲಿಗೆ ಹಾಕಿ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟರೆ, ಒಳಗೆ ಶಮೀಜು ಹಾಕಿದರೂ ಬೆಳಕು ಬಿದ್ದಾಗ ಕಂಕುಳಿನಿಂದ ಕೆಳತನಕ ಕಪ್ಪು ಪಟ್ಟಿ ಎದ್ದು ಕಾಣುತ್ತದೆ. ಅಂಚಿನ ಎಳೆ ಬಿಡದಂತೆ ಓವರ್‌ಲಾಕ್ ಹೊಡೆದರೆ ದಾರದ ಜಾಲ ಕಾಣುತ್ತದೆ. ಇದಕ್ಕೆ ಫ್ರೆಂಚ್ ಸೀಮೇ ಆಗಬೇಕು. ಎರಡು ಸಲ ಹೊಲಿದು, ಕತ್ತರಿಸಿದ ಅಂಚನ್ನು ಹೊಲಿಗೆಯೊಳಗೇ ಮುಚ್ಚಿಬಿಡುವುದು.

ದಾರಕ್ಕೆ ಶಿವಾಜಿನಗರಕ್ಕೆ ಹೋದೆ. ಅಲ್ಲಿನ ದಾರದ ಅಂಗಡಿಯ ಸಾಹೇಬರು ರೀಲನ್ನು ಬಟ್ಟೆ ಪಕ್ಕ ಇಟ್ಟು ನೋಡುವುದಿಲ್ಲ. ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಮಲಗಿಸಿ ಬಾಗಿಲಿನ ಬೆಳಕಿಗೆ ಬರುತ್ತಾರೆ. ನಾಲ್ಕನೆಯ ರೀಲಿನ ಎಳೆ ಹಸಿರಲ್ಲಿ ಕಾಣೆಯಾಯಿತು. "ಬಸ್, ಇದೇ ಅಕ್ಕಾ. ಸೂಜಿ ಹೊಸದು ಹಾಕಿ, ಸಣ್ಣದು" ಅಂದರು. ಗೊತ್ತಿದ್ದದ್ದೇ, ಆದರೂ ತಲೆಯಾಡಿಸಿದೆ.

ಫ್ರೆಂಚ್ ಸೀಮ್ ಶುರುವಾಗುವುದೇ ತಲೆಕೆಳಗಾಗಿ. ಎಲ್ಲ ಹೊಲಿಗೆಯಲ್ಲೂ ಸೀದಾ ಮುಖಗಳನ್ನು ಒಳಗಿಟ್ಟು ಹೊಲಿಯುತ್ತೇವೆ. ಇಲ್ಲಿ ಮೊದಲು ಉಲ್ಟಾ ಮುಖಗಳು ಒಂದನ್ನೊಂದು ನೋಡಬೇಕು. ಅಂಚು ಹೊರಗೇ ಉಳಿಯುತ್ತದೆ, ಯಾರೋ ಕೆಲಸ ಬಾರದವರು ಹೊಲಿದ ಹಾಗೆ. ಶಿಫಾನ್ ಮೆಷಿನ್ನಿನ ಹಲ್ಲಿಗೆ ಸಿಕ್ಕಿ ಒಳಗೆ ಹೋಗದಿರಲೆಂದು ಕೆಳಗೆ ತೆಳ್ಳನೆಯ ಬಿಳಿ ಕಾಗದ ಇಟ್ಟು ಹೊಲಿದೆ. ಆಮೇಲೆ ಕಾಗದ ಹರಿದು ತೆಗೆದೆ. ಹೊಲಿಗೆಯಾಚೆಯ ಬಟ್ಟೆಯನ್ನು ಅಕ್ಕಿಕಾಳಿನಷ್ಟು ಮಾತ್ರ ಬಿಟ್ಟು ಕತ್ತರಿಸುತ್ತ ಬಂದೆ. ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ಒಂದೇ ಒಂದು ಎಳೆ ಉದ್ದ ಉಳಿದರೂ ಎರಡನೆಯ ಹೊಲಿಗೆಯ ನಡುವಿನಿಂದ ಸೀದಾ ಕಡೆಗೆ ಮೀಸೆ ಹೊರಡುತ್ತದೆ. ಇಸ್ತ್ರಿ ಮಾಡಿ, ಮಗುಚಿ, ಹೊಲಿಗೆ ಸರಿಯಾಗಿ ಮಡಿಕೆಯ ತುದಿಗೆ ಬರುವ ಹಾಗೆ ಬೆರಳಲ್ಲಿ ಉರುಳಿಸಿ, ಮತ್ತೆ ಇಸ್ತ್ರಿ. ಆಮೇಲೆ ಎರಡನೆಯ ಹೊಲಿಗೆ, ಒಳಗೆ ಅಡಗಿದ ಅಂಚನ್ನು ದಾಟಿ ಒಂದಿಷ್ಟೇ ಆಚೆಗೆ.

ಮುಗಿದಾಗ ಕಿಟಕಿಗೆ ಹಿಡಿದು ನೋಡಿದೆ. ಪೆನ್ಸಿಲಿನಲ್ಲಿ ಎಳೆದಂಥ ಒಂದು ಗೆರೆ, ಮತ್ತೇನೂ ಇಲ್ಲ. ನನ್ನ ಕೈಗೆ ನಾನೇ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಅಕ್ಕ ಹಾಕಿ ನೋಡಿದಳು. ಮೈಗೆ ಚೆನ್ನಾಗಿ ಕೂತಿತ್ತು. ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ ನಕ್ಕಳು. ಆಮೇಲೆ ಪಕ್ಕದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ತಡವಿದಳು. ನಗು ನಿಂತಿತು.

"ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲೇ."

"ಇದರಲ್ಲಿ ಬಿಡಕ್ಕೆ ಬರಲ್ಲ. ಬಿಟ್ರೆ ಲೈಟಲ್ಲಿ ಕಾಣುತ್ತೆ."

"ಊರಿನವರಿಗೆಲ್ಲ ಬಿಡ್ತೀಯ."

"ಅವರದು ಕಾಟನ್ನು, ರೇಷ್ಮೆ. ಇದು ಬೇರೆ ಅಕ್ಕ."

ಅವಳು ಹೊಲಿಗೆಯನ್ನು ಕೈಬಿಟ್ಟಳು. "ಹಾಗಾದ್ರೆ ನಾನಿನ್ನು ಮೈ ತುಂಬ್ಕೊಳಲ್ಲ ಅಂತ ನೀನು ತೀರ್ಮಾನ ಮಾಡ್ಬಿಟ್ಟಿದೀಯ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಉಸಿರು ಬಿಗಿಹಿಡಿದು ಮಾಡಿದ ಕೆಲಸಕ್ಕೆ ಈ ಮಾತೇ? ಆದರೆ ಸಿಟ್ಟಿನ ಕೆಳಗೆ ಭಯವಿತ್ತು. ಅವಳು ಹೇಳಿದ್ದನ್ನು ನಾನು ಒಂದು ಸಲವೂ ಯೋಚಿಸಿರಲಿಲ್ಲ ಎಂದು ಎದೆ ಮುಟ್ಟಿ ಹೇಳಲಾರೆ. ಅಳತೆ ಟೇಪು ಅವಳ ಎದೆ ಸುತ್ತಿ ಬಂದಾಗ, ಅಷ್ಟು ಕಡಿಮೆಯಾಗಿದ್ದ ಆ ನಂಬರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. "ಹೊಲಿಗೆಗೆ ಏನ್ ಗೊತ್ತಾಗುತ್ತೆ, ಬಾಯಿ ಮುಚ್ಕೊಂಡು ಹಾಕ್ಕೋ" ಎಂದೆ.

ಅಕ್ಕ ಬಟ್ಟೆ ಬದಲಿಸಿ ಬಂದಳು. "ಉಳಿದ ಸೀರೆ ಎಲ್ಲಿ?" ಅಂದಳು. ಸೆರಗೂ ಅಂಚಿನ ತುಂಡುಗಳೂ ಮೇಜಿನ ಕೆಳಗಿದ್ದವು. ನಾನೇ ಎತ್ತಿಟ್ಟುಕೊಳ್ಳುತ್ತೇನೆ ಎಂದರೂ ಕೇಳಲಿಲ್ಲ. ಚೂರುಪಾರು ಸಮೇತ ಮಡಚಿ ಬ್ಯಾಗಿಗೆ ಹಾಕಿಕೊಂಡು, ಆಟೋ ಹತ್ತಿ ಹೋದಳು. ಮುನಿಸಿನಲ್ಲಿ ತೆಗೆದುಕೊಂಡು ಹೋದಳು ಅಂದುಕೊಂಡೆ.

ವಾರ್ಷಿಕೋತ್ಸವಕ್ಕೆ ನಾನೂ ಹೋಗಿದ್ದೆ. ಹಿಂದಿನಿಂದ ದೀಪ ಬಿದ್ದಾಗ ಕುರ್ತಾದಲ್ಲಿ ಆ ಸಣ್ಣ ಗೆರೆ ಬಿಟ್ಟು ಬೇರೇನೂ ಕಾಣಲಿಲ್ಲ. ಅವಳ ದನಿ ಮೊದಲಿನ ಹಾಗೇ ಇತ್ತು, ಮಕ್ಕಳು ಕಿರುಚಿ ಚಪ್ಪಾಳೆ ಹೊಡೆದರು. ನಾನು ಮಾತ್ರ ಕತ್ತಲಲ್ಲಿ ಕೂತು ಅವಳ ಬಡಕಲು ಹೆಗಲನ್ನೇ ನೋಡುತ್ತಿದ್ದೆ. ಆ ಹೊಲಿಗೆಯ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷದ ವಾರ್ಷಿಕೋತ್ಸವ ಹತ್ತಿರ ಬಂದಾಗ ಅವಳು ಮತ್ತೆ ಮೆಟ್ಟಿಲು ಹತ್ತಿ ಬಂದಳು, ಏದುಸಿರು ಬಿಡದೆ. ಸೀದಾ ಪರದೆಯ ಹಿಂದೆ ಹೋಗಿ, ತಂದಿದ್ದ ಅದೇ ಕುರ್ತಾ ಹಾಕಿಕೊಳ್ಳತೊಡಗಿದಳು. ಸ್ವಲ್ಪ ಹೊತ್ತಿಗೆ ಪರದೆಯ ಹಿಂದಿನಿಂದ ಬೈಗುಳ ಕೇಳಿಸಿತು. ಹೋಗಿ ನೋಡಿದರೆ ಎರಡು ತೋಳೂ ಮೇಲೆತ್ತಿ, ಕುರ್ತಾದೊಳಗೆ ತಲೆ ಸಿಕ್ಕಿಸಿಕೊಂಡು ನಿಂತಿದ್ದಾಳೆ. ಎದೆಯ ಹತ್ತಿರ ಇಳಿಯುತ್ತಲೇ ಇಲ್ಲ.

"ನೋಡು, ನೋಡು ನಿನ್ನ ಹೊಲಿಗೆ!" ಎಂದು ಶಿಫಾನಿನ ಒಳಗಿನಿಂದಲೇ ಕೂಗಿದಳು.

ನನ್ನ ಹೊಲಿಗೆ ಬಿಗಿಯಾಯಿತು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುವವಳು. ಆವತ್ತು ನಿಂತಲ್ಲೇ ಅಳು ಬಂತು. ಮೂಗು ಒರೆಸಿಕೊಂಡು ಅವಳನ್ನು ಅದರೊಳಗಿಂದ ಬಿಡಿಸಿದೆ.

"ಬಿಚ್ಚಿ ಅಗಲ ಮಾಡಕ್ಕೆ ಒಳಗೆ ಏನೂ ಇಲ್ಲ ಅಕ್ಕ, ಅಕ್ಕಿಕಾಳಿನಷ್ಟು ಬಿಟ್ರೆ. ಪಕ್ಕಕ್ಕೆ ಪಟ್ಟಿ ಸೇರಿಸ್ಬೇಕು. ಈ ಬಣ್ಣದ ಬಟ್ಟೆ ಈಗ ಎಲ್ಲಿ ಸಿಗುತ್ತೆ?"

ಅವಳು ಬ್ಯಾಗಿಗೆ ಕೈ ಹಾಕಿ ಒಂದು ಕವರ್ ತೆಗೆದು ಮೇಜಿನ ಮೇಲಿಟ್ಟಳು. ಪಿಸ್ತಾ ಹಸಿರಿನ ಸೆರಗು, ತುಂಡುಗಳು, ಎಲ್ಲವೂ ಮಡಚಿದ ಹಾಗೇ ಇದ್ದವು.

"ನೀನು ಒಳಗೆ ಬಿಡ್ಲಿಲ್ಲ. ನಾನು ಬೀರುವಿನಲ್ಲಿ ಬಿಟ್ಕೊಂಡಿದ್ದೆ" ಅಂದಳು.

ಎರಡು ಸಾಲು ಹೊಲಿಗೆಯನ್ನೂ ಸೂಜಿಯ ತುದಿಯಲ್ಲಿ ಒಂದೊಂದಾಗಿ ಎಬ್ಬಿಸುತ್ತ ಕೂತೆ. ಹಳೆಯ ಸೂಜಿತೂತುಗಳು ಹೊಸ ಹೊಲಿಗೆಯೊಳಗೆ ಮುಚ್ಚಿಹೋಗುವಂತೆ ಸ್ವಲ್ಪ ಒಳಗಿನಿಂದ ಹಿಡಿಯಬೇಕಿತ್ತು. ಅದಕ್ಕೆ ಪಟ್ಟಿಯನ್ನು ಇನ್ನಷ್ಟು ಅಗಲವಾಗಿ ಕತ್ತರಿಸಬೇಕು. ಟೇಪನ್ನು ಅವಳ ಎದೆಗೆ ಸುತ್ತಿ, ಈ ಸಲ ನಂಬರನ್ನು ಜೋರಾಗಿ ಹೇಳಿದೆ.